ವಾಸನೆ ಎಷ್ಟು ದಿನಕ್ಕ ವಾಪಸ್ ಬರ್ತದ? ಬಚ್ಚಲ ಜಾಳಿಗಿಯ ಕೆಳಗಿನ ನೀರಿನ ಕಥೆ

ಕಳೆದ ಮೇ ತಿಂಗಳು ಪರೀಕ್ಷೆ ಮುಗಿಸಿ ಮೂಡಲಗಿಯ ಅತ್ತಿಯ ಮನೆಗೆ ಹೋಗಿದ್ದೆ. ಮಹಡಿ ಮೇಲಿನ ಕೋಣೆ ನನಗೆ ಬಿಟ್ಟುಕೊಟ್ಟಿದ್ದರು. ಬೀಗ ತೆಗೆದು ಬಾಗಿಲು ದೂಡಿದ್ದೇ ತಡ, ಒಳಗಿನಿಂದ ಗಪ್ ಅಂತ ನಾತ ಹೊಡೆಯಿತು. ಕೊಳೆತ ತತ್ತಿಯ ಹಾಗೆ, ಸಂಡಾಸ ಗುಂಡಿಯ ಹಾಗೆ. ಕೋಣೆ ನೋಡಿದರೆ ಚೊಕ್ಕ. ಬಚ್ಚಲ ನೋಡಿದರೆ ಅದಕ್ಕಿಂತ ಚೊಕ್ಕ. ಟೈಲ್ಸು ಒಣಗಿ ಬೆಳ್ಳಗೆ ಹೊಳೆಯುತ್ತಿದ್ದವು.

"ಒಂದು ತಿಂಗಳಾತು ತಮ್ಮಾ, ಹಿಂಗ ಹೊಡೀಲಿಕ್ಕತ್ತೇತಿ" ಅಂದರು ಅತ್ತಿ. "ಗುಂಡಿ ತುಂಬೇತಿ ಅಂತ ನಿಮ್ಮ ಮಾಮಾ ಗಾಡಿ ಕರಸಿ ಖಾಲಿ ಮಾಡಿಸಿದ್ರು. ಫಿನೈಲ್ ಹಾಕಿ ಒರಸೀನಿ. ಊದಬತ್ತಿ ಹಚ್ಚೀನಿ. ಏನೂ ಫರಕ ಆಗ್ಲಿಲ್ಲ."

ಉಗಾದಿಗೆ ಬಂದಿದ್ದ ಬೀಗರು ಹೋದ ಮೇಲೆ ಆ ಬಚ್ಚಲನ್ನು ಯಾರೂ ಬಳಸಿರಲಿಲ್ಲ. ಅಂದರೆ ಹತ್ತಿರ ಹತ್ತಿರ ಎರಡು ತಿಂಗಳು. ಉತ್ತರ ಅಲ್ಲೇ ಇತ್ತು, ಆದರೆ ನಮಗೆ ಹೊಳೆಯಲಿಲ್ಲ. ಬಚ್ಚಲ ಹೊಲಸಾಗಿದ್ದಕ್ಕೆ ನಾತ ಬಂದಿರಲಿಲ್ಲ. ಬಚ್ಚಲ ಪೂರ್ತಿ ಒಣಗಿದ್ದಕ್ಕೆ ಬಂದಿತ್ತು.

ಜಾಳಿಗಿಯ ಕೆಳಗೆ ಏನಿರ್ತದ?

ಬಚ್ಚಲ ಮೂಲೆಯಲ್ಲಿ ನೀರು ಹೋಗುವ ಜಾಳಿಗಿ ಇರುತ್ತದಲ್ಲ, ಅದರ ಕೆಳಗೆ ಒಂದು ಗುಂಡಗಿನ ಡಬ್ಬಿಯಂಥ ಭಾಗ ಇರುತ್ತದೆ. ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ 'ನಹಾನಿ ಟ್ರ್ಯಾಪ್' ಅಂತ ಕೇಳಿದರೆ ಕೊಡುತ್ತಾರೆ. ಮರಾಠಿಯಲ್ಲಿ 'ನ್ಹಾಣಿ' ಅಂದರೆ ಬಚ್ಚಲ, ಹೆಸರು ಅಲ್ಲಿಂದ ಬಂದದ್ದು. ಈ ಟ್ರ್ಯಾಪಿನಲ್ಲಿ ನೀರು ಪೂರ್ತಿ ಹರಿದು ಹೋಗುವುದಿಲ್ಲ. ಹೊರಹೋಗುವ ದಾರಿಯನ್ನು ಕೆಳಗೆ ಇಳಿಸಿ ಮತ್ತೆ ಮೇಲೆ ಏರಿಸಿರುತ್ತಾರೆ, ಇಂಗ್ಲಿಷಿನ ಯು ಅಕ್ಷರದ ಹಾಗೆ. ಸ್ನಾನ ಮುಗಿದ ಮೇಲೆ ಕೊನೆಗೆ ಬಂದ ನೀರು ಆ ಬಾಗಿನಲ್ಲಿ ನಿಂತುಬಿಡುತ್ತದೆ. ಆ ನಿಂತ ನೀರೇ ಬಾಗಿಲು. ಮೇಲಿನಿಂದ ಬರುವ ನೀರು ಅದನ್ನು ದೂಡಿಕೊಂಡು ಹೋಗುತ್ತದೆ, ಆದರೆ ಪೈಪಿನ ಕಡೆಯಿಂದ ಬರುವ ಗಾಳಿಗೆ ಅದನ್ನು ದಾಟಲು ಆಗುವುದಿಲ್ಲ. ಇದಕ್ಕೆ ವಾಟರ್ ಸೀಲ್ ಅನ್ನುತ್ತಾರೆ. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚಾಲಯಕ್ಕೆ ಇಂಥ ಬಾಗಿದ ಪೈಪು ಇಟ್ಟು ಪೇಟೆಂಟ್ ಪಡೆದ. ಇವತ್ತಿನ ತನಕ ಅದೇ ವಿದ್ಯೆ ನಡೆದಿದೆ.

ಒಳ್ಳೆಯ ಟ್ರ್ಯಾಪಿನಲ್ಲಿ ಈ ಸೀಲಿನ ಆಳ 50 ಮಿಲಿಮೀಟರ್ ಇರಬೇಕು. ಎಷ್ಟು ಗಟ್ಟಿ ಬಾಗಿಲು ಇದು? ನಾವು ಓದಿದ ಸೂತ್ರವನ್ನೇ ಹಾಕಿ ನೋಡೋಣ:

ρgh = 1000 × 9.8 × 0.05 = 490 Pa

ಅಂದರೆ 490 ಪಾಸ್ಕಲ್. ಬಚ್ಚಲದ ಎಕ್ಸಾಸ್ಟ್ ಫ್ಯಾನು ಕೋಣೆಯಲ್ಲಿ ಉಂಟುಮಾಡುವ ಒತ್ತಡದ ವ್ಯತ್ಯಾಸ ಇದಕ್ಕೆ ಹೋಲಿಸಿದರೆ ಬಹಳ ಸಣ್ಣದು. ತುಂಬಿದ ಸೀಲನ್ನು ಫ್ಯಾನಿನಿಂದ ಮುರಿಯಲು ಆಗುವುದಿಲ್ಲ. ಆದರೆ ಸೀಲ್ ಬತ್ತಿದ್ದರೆ ಕಥೆ ತಿರುಗುಮುರುಗು. ಬಾಗಿಲು, ಕಿಟಕಿ ಹಾಕಿ ಫ್ಯಾನು ಹಚ್ಚಿದರೆ ಅದು ಒಳಗಿನ ಗಾಳಿಯನ್ನು ಹೊರಗೆ ದೂಡುತ್ತದೆ. ಆ ಜಾಗ ತುಂಬಲು ಹೊಸ ಗಾಳಿ ಎಲ್ಲಿಂದಲೋ ಬರಬೇಕು. ಹತ್ತಿರದ ದಾರಿ ಯಾವುದು? ಒಣಗಿದ ಟ್ರ್ಯಾಪು. ನಾತ ಹೋಗಲಿ ಅಂತ ಮಾಮಾ ಫ್ಯಾನು ಹಚ್ಚಿದಾಗಲೆಲ್ಲ ನಾತ ಹೆಚ್ಚಾಗುತ್ತಿತ್ತು. ಅತ್ತಿ ಅದನ್ನು ಗಮನಿಸಿದ್ದರು ಕೂಡ, ಆದರೆ ಕಾರಣ ಗೊತ್ತಿರಲಿಲ್ಲ.

ಇದು ಬರೀ ನಾತದ ಮಾತಲ್ಲ. 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗುಲಿತು. ಅಲ್ಲಿನ ಜನ ಬಚ್ಚಲ ನೆಲಕ್ಕೆ ನೀರು ಹೊಯ್ಯದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ನೆಲದ ಟ್ರ್ಯಾಪುಗಳು ಒಣಗಿದ್ದವು. ಎಕ್ಸಾಸ್ಟ್ ಫ್ಯಾನು ಹಚ್ಚಿದಾಗ ಕೊಳಚೆ ಪೈಪಿನ ಹನಿಗಳು ಆ ದಾರಿಯಿಂದ ಬಚ್ಚಲಿಗೆ ಬಂದಿರಬೇಕು ಅಂತ ತನಿಖೆ ಮಾಡಿದವರು ಹೇಳಿದರು. ನಮ್ಮ ಮನೆಗಳಲ್ಲಿ ಹಾಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಒಣಗಿದ ಟ್ರ್ಯಾಪು ಅಂದರೆ ಗುಂಡಿಗೂ ಮನೆಗೂ ನಡುವೆ ತೆರೆದ ಕಿಂಡಿ. ಜಿರಳೆಗಳಿಗೂ ಅದೇ ಹೆದ್ದಾರಿ.

ಮೂಡಲಗಿಯ ಲೆಕ್ಕ

ಟಾರ್ಚ್ ಹಿಡಿದು ಜಾಳಿಗಿ ಎತ್ತಿ ನೋಡಿದೆ. ತುಂಬಿದ ಟ್ರ್ಯಾಪಿನಲ್ಲಿ ಬೆಳಕು ನೀರಿನ ಮೇಲೆ ಬಿದ್ದು ಥಳಥಳ ಅನ್ನಬೇಕು. ಇಲ್ಲಿ ಒಣಗಿದ ಸೋಪಿನ ಹೊಪ್ಪಳಿಕೆ, ನಾಲ್ಕು ಕೂದಲು, ಅಷ್ಟೇ. ಒಂದು ಬಕೆಟ್ ನೀರು ನಿಧಾನವಾಗಿ ಹೊಯ್ದೆ. ಕಿಟಕಿ ತೆರೆದು ಒಳಗಿದ್ದ ಗಾಳಿ ಹೋಗಲು ಬಿಟ್ಟೆ. ಸಂಜೆ ಅಂಗಳದಲ್ಲಿ ಅರ್ಧ ತಾಸು ಅಡ್ಡಾಡಿ ಬಂದು ಮತ್ತೆ ಮೂಸಿ ನೋಡಿದೆ. ನಾತ ಇರಲಿಲ್ಲ.

ಹೊರಗೆ ಅಡ್ಡಾಡಿ ಬಂದದ್ದಕ್ಕೆ ಕಾರಣ ಇದೆ. ಆ ಕೊಳೆತ ತತ್ತಿಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅದನ್ನು ಮೂಸುತ್ತ ಕುಂತರೆ ಮೂಗು ಬೇಗ ದಣಿದು, ವಾಸನೆ ಇದ್ದರೂ ಇಲ್ಲ ಅನ್ನಿಸುತ್ತದೆ. ಅದಕ್ಕೇ ಮನೆಯವರಿಗಿಂತ ಬಂದ ಬೀಗರಿಗೆ ಮೊದಲು ಗೊತ್ತಾಗುವುದು! ಪರೀಕ್ಷೆ ಮಾಡುವವರು ಹೊರಗಿನ ಗಾಳಿ ಕುಡಿದು ಬಂದು ಮೂಸಬೇಕು.

ಅತ್ತಿ ಮಾತ್ರ ನಂಬಲಿಲ್ಲ. "ಒಂದು ಬಕೆಟ್ ನೀರಿಗೆ ಹೋಗೂದಿದ್ರ ಗಾಡಿ ಯಾಕ ತರಸ್ತಿದ್ವಿ?" ಅಂದರು. ಸರಿ, ಅಳೆದೇ ತೋರಿಸೋಣ ಅಂತ ಒಂದು ಕಸಬರಿಗಿ ಕಡ್ಡಿಗೆ ಸ್ಕೇಲ್ ಇಟ್ಟು ಪೆನ್ನಿನಿಂದ ಗೆರೆ ಹಾಕಿದೆ. ಟ್ರ್ಯಾಪಿನ ಅಂಚಿನಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಅಂತ ಗುರುತು ಮಾಡಿ, ಆ ಬಚ್ಚಲ ಬಳಸದೆ ಬಾಗಿಲು ಮುಚ್ಚಿದೆ. ಮೊದಲ ವಾರಕ್ಕೆ ನೀರು 8 ಮಿಲಿಮೀಟರ್ ಇಳಿದಿತ್ತು. ಎರಡನೇ ವಾರಕ್ಕೆ ಮತ್ತೆ 7. ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಅನ್ನಿ. ಹಾಗಾದರೆ 50 ಮಿಲಿಮೀಟರಿನ ಸೀಲ್ ಆರೇಳು ವಾರಕ್ಕೆ ಮುಗಿಯುತ್ತದೆ. ಉಗಾದಿಯಿಂದ ಮೇ ತನಕ ಎಣಿಸಿದರೆ ಲೆಕ್ಕ ಸರಿಯಾಗಿ ಕೂಡಿತು.

ಈ ದಿನಕ್ಕೊಂದು ಮಿಲಿಮೀಟರ್ ಅನ್ನುವುದು ಆ ಮನೆಯ, ಆ ಬೇಸಿಗೆಯ ಅಳತೆ, ಎಲ್ಲ ಕಡೆಗೂ ಅದೇ ಅಲ್ಲ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಾರ್ಚಿನಿಂದ ಮಳೆ ಹಿಡಿಯುವ ತನಕ ಗಾಳಿ ಒಣ ಒಣ. ತೊಳೆದ ಧೋತರ ತಾಸಿನೊಳಗೆ ಒಣಗುವ ಕಾಲ ಅದು. ಟ್ರ್ಯಾಪಿನ ನೀರು ಆರುವುದೂ ಆಗಲೇ ಜೋರು. ಮಳೆಗಾಲದಲ್ಲಿ ಅದೇ ನೀರು ಬಹಳ ದಿನ ತಡೆಯುತ್ತದೆ. ಬೇಸಿಗೆಗೆ ಮಾತ್ರ ನಾತ ಅನ್ನುವ ಮನೆಗಳ ಗುಟ್ಟು ಇದೇ.

ಗೋಕಾಕದಲ್ಲಿ ಅದೇ ನಾತ, ಬೇರೆ ರೋಗ

ಒಂದು ಕಡೆ ಗೆದ್ದ ಹುಮ್ಮಸ್ಸಿನಲ್ಲಿ ಗೋಕಾಕದ ಮೌಶಿಯ ಮನೆಗೂ ಹೋದೆ. ಅಲ್ಲಿಯೂ ನಾತ ಇತ್ತು. ಆದರೆ ಅದು ದಿನಾ ನಾಲ್ಕು ಮಂದಿ ಸ್ನಾನ ಮಾಡುವ ಬಚ್ಚಲ, ಒಣಗುವ ಮಾತೇ ಇಲ್ಲ. ಬಕೆಟ್ ನೀರು ಹೊಯ್ದೆ, ನಾತ ಕಮ್ಮಿಯೇ ಆಗಲಿಲ್ಲ.

ಜಾಳಿಗಿ ಎತ್ತಿದೆ. ಅದು ಬಟ್ಟಲು ಇರುವ ಜಾತಿಯ ಟ್ರ್ಯಾಪು. ಇದರಲ್ಲಿ ನಡುವೆ ಹೊರಹೋಗುವ ಪೈಪಿನ ಬಾಯಿ ಸಣ್ಣ ಕಟ್ಟೆಯ ಹಾಗೆ ಎದ್ದಿರುತ್ತದೆ. ಅದರ ಸುತ್ತ ಉಂಗುರದಂಥ ಜಾಗದಲ್ಲಿ ನೀರು ನಿಲ್ಲುತ್ತದೆ. ಒಂದು ಬಟ್ಟಲು ಆ ಕಟ್ಟೆಯ ಮೇಲೆ ಡಬ್ಬು ಬಿದ್ದು, ಅದರ ಅಂಚು ಸುತ್ತಲಿನ ನೀರಿನಲ್ಲಿ ಮುಳುಗಿರಬೇಕು. ನೀರೂ ಬೇಕು, ಬಟ್ಟಲೂ ಬೇಕು, ಎರಡೂ ಕೂಡಿದರೆ ಮಾತ್ರ ಸೀಲ್. ಮೌಶಿಯ ಮನೆಯಲ್ಲಿ ನೀರಿತ್ತು, ಬಟ್ಟಲು ಇರಲಿಲ್ಲ.

"ಅದಾ? ಅದರಾಗ ಕೂದ್ಲ ಸಿಕ್ಕೊಂಡು ನೀರ ಹೋಗ್ತಿರ್ಲಿಲ್ಲ. ತಗದ್ ಇಟ್ಟೀನಿ. ಈಗ ನೀರ ಸರಾಗ ಹೊಕ್ಕಾವ" ಅಂದರು ಮೌಶಿ ಸಂತೋಷದಿಂದ. ಬಟ್ಟಲು ಮಾಳಿಗೆ ಮೇಲೆ ತುಳಸಿ ಕುಂಡದ ಪಕ್ಕ ಸಿಕ್ಕಿತು. ತೊಳೆದು ಇಟ್ಟು ನೀರು ಹೊಯ್ದೆವು, ನಾತ ನಿಂತಿತು. ನಿಮ್ಮ ಮನೆಯಲ್ಲಿ ಬಟ್ಟಲು ಕಳೆದಿದ್ದರೆ ಜಾಳಿಗಿಯ ಅಳತೆ ತೆಗೆದುಕೊಂಡು ಹೋಗಿ ಬಟ್ಟಲು ಸಮೇತ ಹೊಸ ಜಾಳಿಗಿ ತನ್ನಿರಿ. ತಂದ ಮೇಲೆ ಬಟ್ಟಲಿನ ಅಂಚು ನಿಜವಾಗಿ ನೀರಿನಲ್ಲಿ ಮುಳುಗುತ್ತದೋ ಇಲ್ಲವೋ ನೋಡಿರಿ. ಮೇಲೆಯೇ ತೇಲಿದಂತೆ ನಿಂತಿದ್ದರೆ ಅದು ಬರೀ ಅಲಂಕಾರ.

ಬಟ್ಟಲು ಟ್ರ್ಯಾಪಿಗೆ ಇನ್ನೊಂದು ಮಿತಿ ಇದೆ. ಇದರ ಸೀಲಿನ ಆಳ ಬಹಳ ಸಲ ಒಂದೆರಡು ಸೆಂಟಿಮೀಟರ್ ಅಷ್ಟೇ. ಅತ್ತಿಯ ಮನೆಯ ಲೆಕ್ಕದಲ್ಲೇ ಹಿಡಿದರೂ ಎರಡು ವಾರಕ್ಕೆ ಮುಗಿಯಿತು. ದೀಪಾವಳಿ ಸೂಟಿಗೆ ಊರಿಗೆ ಹೋಗಿ ಬರುವುದರೊಳಗೆ ನಾತ ಹೊಡೆಯುವ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಇಂಥವೇ ಇರುತ್ತವೆ.

ಹುಕ್ಕೇರಿಯ ಗುಳುಗುಳು

ಮೂರನೆಯದು ಹುಕ್ಕೇರಿಯಲ್ಲಿ ನನ್ನ ಗೆಳೆಯನ ಬಾಡಿಗೆ ಕೋಣೆ. ನೀರು ಹೊಯ್ದರೆ ನಾತ ಹೋಗುತ್ತದೆ, ಮರುದಿನ ಮುಂಜಾನೆ ಮತ್ತೆ ಹಾಜರ್. ಒಂದು ರಾತ್ರಿಯಲ್ಲಿ 50 ಮಿಲಿಮೀಟರ್ ನೀರು ಆರುವುದಿಲ್ಲ. ಹಾಗಾದರೆ ನೀರನ್ನು ಯಾರೋ ಎಳೆದುಕೊಳ್ಳುತ್ತಿದ್ದಾರೆ.

ಟ್ರ್ಯಾಪಿನ ಪಕ್ಕ ಕಿವಿಗೊಟ್ಟು, ಸಂಡಾಸಿನಲ್ಲಿ ಫ್ಲಶ್ ಮಾಡು ಅಂತ ಗೆಳೆಯನಿಗೆ ಹೇಳಿದೆ. ಟ್ರ್ಯಾಪು 'ಗುಳುಗುಳು' ಅಂದಿತು. ಟಾರ್ಚ್ ಹಾಕಿ ನೋಡಿದರೆ ನೀರು ಕುಣಿದು ಕೆಳಗೆ ಇಳಿಯುತ್ತಿತ್ತು. ಫ್ಲಶ್ ನೀರು ಪೈಪು ತುಂಬಿಕೊಂಡು ಇಳಿಯುವಾಗ ಸಿರಿಂಜಿನ ಕಡ್ಡಿಯ ಹಾಗೆ ಕೆಲಸ ಮಾಡುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮಾಳಿಗೆಯ ಮೇಲಕ್ಕೆ ಬಾಯಿ ತೆರೆದ ಗಾಳಿ ಪೈಪು ಇದ್ದರೆ ಗಾಳಿ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಆ ದಾರಿಯಿಂದ ಬರುತ್ತದೆ. ಆ ಮನೆಯಲ್ಲಿ ಮೇಲೆ ಗಾಳಿ ಪೈಪು ಇತ್ತು, ಆದರೆ ಮಳೆ ನೀರು ಹೋಗಬಾರದು ಅಂತ ಅದರ ಬಾಯಿಗೆ ಮುಚ್ಚಳ ಬಡಿದಿದ್ದರು. ಮಾಲಕರಿಗೆ ಹೇಳಿ, ಮುಚ್ಚಳ ತೆಗೆಸಿ ಸೊಳ್ಳೆ ಜಾಳಿಗಿ ಕಟ್ಟಿಸಿದ ಮೇಲೆ ಗುಳುಗುಳು ನಿಂತಿತು. ಅಲ್ಲಿಯ ತನಕ ದಿನಾ ಫ್ಲಶ್ ಮಾಡಿದ ಮೇಲೆ ಒಂದು ಮಗ್ ನೀರು ಹೊಯ್ಯುವುದೇ ಉಪಾಯವಾಗಿತ್ತು.

ನೀರು ಹೊಯ್ದು ದಿನ ಎಣಿಸಿರಿ

ಮೂರು ಮನೆ ತಿರುಗಿದ ಮೇಲೆ ತಿಳಿದದ್ದು ಇಷ್ಟು. ನೀರು ಹೊಯ್ಯುವುದು ಔಷಧವೂ ಹೌದು, ತಪಾಸಣೆಯೂ ಹೌದು. ಹೊಯ್ದ ತಾರೀಖು ಬರೆದಿಡಿ, ನಾತ ಯಾವಾಗ ವಾಪಸ್ ಬಂತು ನೋಡಿರಿ.

ಹೋಗಲೇ ಇಲ್ಲ ಅಂದರೆ ಬಟ್ಟಲು ಇಲ್ಲ, ಇಲ್ಲವೇ ಗಾಳಿ ಬೇರೆ ಕಡೆಯಿಂದ ಬರುತ್ತಿದೆ. ವಾಶ್ ಬೇಸಿನ್ ಪೈಪು ಗೋಡೆಯೊಳಗೆ ಹೋಗುವ ಸಂದು, ಕಮೋಡಿನ ಬುಡದ ಬಿರುಕು ನೋಡಬೇಕು. ಜಾಳಿಗಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪು ಹಚ್ಚಿ ಒಂದು ರಾತ್ರಿ ಬಿಟ್ಟರೂ ಮುಂಜಾನೆ ನಾತ ಇದ್ದರೆ, ಅಪರಾಧಿ ಟ್ರ್ಯಾಪು ಅಲ್ಲ.

ತಾಸುಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ ವಾಪಸ್ ಬಂದರೆ ನೀರು ಎಳೆತಕ್ಕೆ ಹೋಗುತ್ತಿದೆ, ಇಲ್ಲವೇ ಟ್ರ್ಯಾಪು ಒಡೆದು ಸೋರುತ್ತಿದೆ. ಫ್ಲಶ್ ಮಾಡಿದಾಗ ಗುಳುಗುಳು ಅಂದರೆ ಎಳೆತ. ಯಾರೂ ಏನೂ ಬಳಸದಿದ್ದರೂ ಮಟ್ಟ ಇಳಿದು, ಕೆಳಗಿನ ಸ್ಲ್ಯಾಬಿನಲ್ಲಿ ಹಸಿ ಕಲೆ ಕಂಡರೆ ಸೋರಿಕೆ. ಇವೆರಡಕ್ಕೂ ಪ್ಲಂಬರ್ ಬೇಕು.

ವಾರಗಟ್ಟಲೆ ತಡೆದು ಆಮೇಲೆ ಬಂದರೆ ಅದು ಬರೀ ಆರುವಿಕೆ. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ.

ತುಂಬಿಸಿ ಇಡುವ ಉಪಾಯಗಳು

ಮೊದಲನೆಯದು ವಾರಕ್ಕೊಂದು ಮಗ್ ನೀರು. ಬೇಸಿಗೆಯಲ್ಲಿ ನೀರಿನ ತ್ರಾಸು ಇರುವಾಗ ಇದು ದಂಡ ಅನ್ನಿಸಬಹುದು, ಅದಕ್ಕೇ ಲೆಕ್ಕ ಹಾಕೋಣ. ಟ್ರ್ಯಾಪಿನ ಅಡ್ಡಳತೆ 10 ಸೆಂಟಿಮೀಟರ್ ಅಂದರೆ ನೀರಿನ ಮೇಲ್ಮೈ ಸುಮಾರು 78 ಚದರ ಸೆಂಟಿಮೀಟರ್. ವಾರಕ್ಕೆ 8 ಮಿಲಿಮೀಟರ್ ಇಳಿದರೆ ಹೋದದ್ದು ಸುಮಾರು 63 ಮಿಲಿಲೀಟರ್. ಪೈಪಿನ ಕಡೆಯ ಮಟ್ಟವೂ ಇಳಿಯುತ್ತದೆ, ಅದನ್ನೂ ಸೇರಿಸಿ 100 ಮಿಲಿಲೀಟರಿನ ಆಸುಪಾಸು ಅನ್ನೋಣ. ಅಂದರೆ ಒಂದು ಚಹಾದ ಕಪ್ಪು! ಒಂದು ಮಗ್ ಧಾರಾಳ ಆಯಿತು. ಅಕ್ಕಿ ತೊಳೆದ ನೀರು ಮಾತ್ರ ಬೇಡ, ಅದು ನಿಂತಲ್ಲೇ ಹುಳಿತು ಬೇರೆ ವಾಸನೆ ತರುತ್ತದೆ.

ಎರಡನೆಯದು ಎಣ್ಣೆ, ಮನೆಗೆ ಬೀಗ ಹಾಕಿ ಬಹಳ ದಿನ ಹೋಗುವವರಿಗೆ. ಮೊದಲು ನೀರು ತುಂಬಿಸಿ, ಆಮೇಲೆ ಎರಡು ದೊಡ್ಡ ಚಮಚ ಎಣ್ಣೆಯನ್ನು ಮೆಲ್ಲಗೆ ಮೇಲೆ ಬಿಡಬೇಕು. 30 ಮಿಲಿಲೀಟರ್ ಎಣ್ಣೆ ಅಷ್ಟು ಅಗಲಕ್ಕೆ ಮೂರು ಮಿಲಿಮೀಟರಿಗಿಂತ ದಪ್ಪನೆಯ ಪದರ ಆಗುತ್ತದೆ, ನೀರಿಗೆ ಗಾಳಿ ತಾಗದಂತೆ ಮುಚ್ಚುತ್ತದೆ. ಅತ್ತಿಗೆ ತೋರಿಸಲು ಎರಡು ಸ್ಟೀಲ್ ಗ್ಲಾಸಿನಲ್ಲಿ ಒಂದೇ ಮಟ್ಟಕ್ಕೆ ನೀರು ತುಂಬಿ, ಒಂದರ ಮೇಲೆ ಎಣ್ಣೆ ಬಿಟ್ಟು ಮಹಡಿ ಕೋಣೆಯಲ್ಲಿ ಇಟ್ಟಿದ್ದೆ. ಹತ್ತು ದಿನಕ್ಕೆ ಬರೀ ನೀರಿನ ಗ್ಲಾಸು ಎರಡು ಬೆರಳಿನಷ್ಟು ಇಳಿದಿತ್ತು, ಎಣ್ಣೆಯ ಗ್ಲಾಸು ಹಾಕಿದ ಗೆರೆ ಬಿಟ್ಟು ಕದಲಿರಲಿಲ್ಲ. ಆದರೆ ಅಡಿಗೆ ಎಣ್ಣೆ ಬಹಳ ದಿನಕ್ಕೆ ಕಮಟುತ್ತದೆ. ತಿಂಗಳುಗಟ್ಟಲೆ ಹೋಗುವವರು ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಿದರೆ ಒಳ್ಳೆಯದು, ಅದು ಕಮಟುವುದಿಲ್ಲ. ಗಾಡಿಯ ಆಯಿಲ್ ಬೇಡವೇ ಬೇಡ. ದಿನಾ ಸ್ನಾನ ಮಾಡುವ ಬಚ್ಚಲಿಗೂ ಎಣ್ಣೆ ಬೇಡ, ಮೊದಲ ಬಕೆಟಿಗೇ ಕೊಚ್ಚಿಹೋಗುತ್ತದೆ.

ಮೂರನೆಯದು ಮನೆ ಕಟ್ಟಿಸುವವರಿಗೆ. ವಾಶ್ ಬೇಸಿನ್ನಿನ ನೀರನ್ನು ನೇರವಾಗಿ ಹೊರಗಿನ ಪೈಪಿಗೆ ಬಿಡದೆ, ಪಕ್ಕದಲ್ಲಿ ಬಾಯಿ ಇರುವ ಟ್ರ್ಯಾಪು ತಂದು ಅದರೊಳಗೆ ಬಿಡಿಸಿರಿ. ಯಾರಾದರೂ ಕೈ ತೊಳೆದಾಗಲೆಲ್ಲ ಸೀಲ್ ತಾನೇ ತುಂಬುತ್ತದೆ. ಈ ಮಾತನ್ನು ಟೈಲ್ಸ್ ಹಾಕುವ ಮೊದಲು ಹೇಳಬೇಕು, ಆಮೇಲೆ ಹೇಳಿದರೆ ನೆಲ ಒಡೆಯಬೇಕಾಗುತ್ತದೆ.

ಅಂಗಡಿಯಲ್ಲಿ ರಬ್ಬರ್ ನಾಲಿಗೆಯ ಒಳಸೇರುವ ವಾಲ್ವು ಕೂಡ ಸಿಗುತ್ತದೆ. ನೀರು ಬಿದ್ದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುತ್ತದೆ. ಬಳಸದ ಬಚ್ಚಲಿಗೆ ಅಡ್ಡಿಯಿಲ್ಲ. ದಿನದ ಬಚ್ಚಲಲ್ಲಿ ಒಂದೇ ಕೂದಲು ಸಿಕ್ಕಿಕೊಂಡರೂ ನಾಲಿಗೆ ಪೂರ್ತಿ ಮುಚ್ಚುವುದಿಲ್ಲ, ತೆಗೆದು ತೊಳೆಯುತ್ತಿರಬೇಕು.

ಮತ್ತೊಂದು ಮಾತು. ಕಾರಣ ಹುಡುಕುತ್ತ ಯಾರೂ ಸೆಪ್ಟಿಕ್ ಗುಂಡಿಯ ಮುಚ್ಚಳ ತೆಗೆದು ಬಗ್ಗಬಾರದು, ಇಳಿಯಂತೂ ಇಳಿಯಬಾರದು. ಕೋಣೆಯಲ್ಲಿ ಬರೀ ನಾತವಾಗಿರುವ ಅನಿಲವೇ ಅಲ್ಲಿ ಜೀವ ತೆಗೆಯುವಷ್ಟು ಇರುತ್ತದೆ.

ಈಗ ಅತ್ತಿಯ ಮನೆಯಲ್ಲಿ ಮಹಡಿ ಬಚ್ಚಲ ಬಾಗಿಲ ಹಿಂದೆ ಸೀಮೆಸುಣ್ಣದಿಂದ ತಾರೀಖು ಬರೆದಿರುತ್ತದೆ. ಪ್ರತಿ ಸೋಮವಾರ ಕಸ ಹೊಡೆಯಲು ಮೇಲೆ ಹೋದಾಗ ಒಂದು ಮಗ್ ನೀರು ಹೊಯ್ದು, ಹಳೆ ತಾರೀಖು ಒರೆಸಿ ಹೊಸದು ಬರೆಯುತ್ತಾರೆ. ಮೊನ್ನೆ ಫೋನಿನಲ್ಲಿ ಅಂದರು: "ಬಾಜೂ ಮನಿಯವ್ರು ಗುಂಡಿ ಗಾಡಿ ಕರಸಾಕ ಹೊಂಟಿದ್ರು ತಮ್ಮಾ. ತಡೀರಿ, ಮದ್ಲ ಒಂದು ಬಕೆಟ್ ನೀರ ಹೊಯ್ದು ದಿನಾ ಎಣಸ್ರಿ ಅಂದೀನಿ."